ಲಿಪೋ ಬ್ಯಾಟರಿಯಲ್ಲಿ ಪಾಲಿಮರ್ ಎಲ್ಲಿದೆ? – ನನ್ನ ಅನುಭವ

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ನನ್ನದೊಂದು ಸಣ್ಣ ಅಂಗಡಿ ಇದೆ. ಸ್ಪ್ರೇ ಪಂಪು, ಬ್ಲೂಟೂತ್ ಸ್ಪೀಕರ್, ಟಾರ್ಚ್, ಡ್ರಿಲ್ ಮಷೀನು ಹೀಗೆ ಯಾವುದರ ಬ್ಯಾಟರಿ ಹೋದರೂ ಬಿಚ್ಚಿ, ಅಳೆದು, ಹೊಸ ಪ್ಯಾಕ್ ಕಟ್ಟಿಕೊಡುವುದು ನನ್ನ ಕೆಲಸ. ಗಿರಾಕಿಗಳು ಬ್ಯಾಟರಿಯನ್ನು ಎರಡು ಜಾತಿ ಮಾಡಿಕೊಂಡಿರುತ್ತಾರೆ. ಒಂದು ಲಿಥಿಯಂ-ಅಯಾನ್, ಅಂದರೆ ಉದ್ದನೆಯ ಕೊಳವೆಯಂಥ ಸೆಲ್. ಇನ್ನೊಂದು ಲಿಥಿಯಂ ಪಾಲಿಮರ್, ಚಿಕ್ಕದಾಗಿ ಲಿಪೋ, ಅಂದರೆ ಚಪ್ಪಟೆ ಬೆಳ್ಳಿ ಚೀಲ. ಎರಡನೆಯದು ಹೊಸದು, ಹಗುರ, ಪವರ್ ಜಾಸ್ತಿ, ಒಳಗೆ ದ್ರವವೇ ಇಲ್ಲ, ಅದಕ್ಕೇ ಪಾಲಿಮರ್ ಅನ್ನುತ್ತಾರೆ ಅಂತ ಬಹಳ ಜನ ನಂಬಿದ್ದಾರೆ. ಇದರಲ್ಲಿ ಒಂದಿಷ್ಟು ನಿಜ ಇದೆ, ಬಹುಪಾಲು ತಪ್ಪು. ಆ ತಪ್ಪಿನಿಂದ ದುಡ್ಡೂ ಹೋಗುತ್ತದೆ, ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ. ಹಾಗಾಗಿ ಒಂದು ಪಂಪಿನ ಕೆಲಸವನ್ನೇ ಮುಂದಿಟ್ಟುಕೊಂಡು ವಿವರವಾಗಿ ಬರೆಯುತ್ತಿದ್ದೇನೆ.

ಪಂಪು ನವಲಗುಂದ ಕಡೆಯ ರೈತರದ್ದು. ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಬ್ಯಾಟರಿ ಪಂಪು. ಅದರಲ್ಲಿದ್ದ 12 ವೋಲ್ಟ್, 8 ಎಎಚ್ ಸೀಸದ ಬ್ಯಾಟರಿ ಸತ್ತಿತ್ತು. ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟನ್ನು ಎಷ್ಟು ಹೊತ್ತು ಕೊಡುತ್ತದೆ ಅನ್ನುವ ಅಳತೆ. ಜೊತೆಗೆ ಬಂದಿದ್ದ ಮಗ ಡ್ರೋನ್‌ನಿಂದ ಔಷಧಿ ಹೊಡೆಯುವ ಕೆಲಸ ಕಲಿತವನು.

"ಅಣ್ಣಾರ, ಇದಕ್ಕ ಡ್ರೋನಿಂದು ಲಿಪೋ ಹಾಕಿ ಕೊಡ್ರಿ. ಹಗೂರ ಅಕ್ಕೈತಿ, ಫೋರ್ಸೂ ಬರತೈತಿ" ಅಂದ.

ಅವನ ಅಪ್ಪನಿಗೆ ಬೇರೆ ಅನುಮಾನ. "ಪಾಲಿಮರ್ ಅಂದ್ರ ಪ್ಲಾಸ್ಟಿಕ್ ಅಲ್ರೀ? ಪ್ಲಾಸ್ಟಿಕ್‌ನ್ಯಾಗ ಕರೆಂಟ್ ಹ್ಯಾಂಗ ನಿಲ್ಲತೈತ್ರಿ?"

"ಕಾಕಾ, ಬಹಳ ಚಲೋ ಪ್ರಶ್ನೆ ಕೇಳಿದ್ರಿ" ಅಂದೆ. ಆ ಪ್ರಶ್ನೆಗೆ ಉತ್ತರ ಸಿಕ್ಕರೆ ಮಗನ ಕೋರಿಕೆಗೂ ಉತ್ತರ ಸಿಕ್ಕ ಹಾಗೆ.

ಬಹುಪಾಲು ಲಿಥಿಯಂ ಸೆಲ್‌ಗಳ ಒಳಗೆ ಎರಡು ಹಾಳೆ ಇರುತ್ತವೆ. ಒಂದು ತಾಮ್ರದ ಹಾಳೆ, ಅದರ ಮೇಲೆ ಗ್ರಾಫೈಟ್ ಲೇಪ. ಇನ್ನೊಂದು ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಕೋಬಾಲ್ಟ್, ನಿಕ್ಕಲ್, ಮ್ಯಾಂಗನೀಸ್ ತರಹದ ಲೋಹಗಳ ಆಕ್ಸೈಡ್ ಲೇಪ. ಎರಡೂ ಒಂದಕ್ಕೊಂದು ತಾಗದಂತೆ ನಡುವೆ ತೆಳ್ಳನೆಯ ಬಿಳಿ ಪದರ ಇರುತ್ತದೆ. ಇದಕ್ಕೆ ಸೆಪರೇಟರ್ ಅನ್ನುತ್ತೇವೆ. ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ಆ ತೂತುಗಳಲ್ಲಿ ಲಿಥಿಯಂ ಉಪ್ಪು ಕರಗಿಸಿದ ದ್ರಾವಣ ನೆನೆದಿರುತ್ತದೆ, ಅದೇ ಎಲೆಕ್ಟ್ರೋಲೈಟ್. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಈ ದ್ರಾವಣ ದಾಟಿ ಗ್ರಾಫೈಟಿನೊಳಗೆ ಸೇರುತ್ತವೆ. ಬಳಸುವಾಗ ವಾಪಸ್ ಬರುತ್ತವೆ.

ಪಾಲಿಮರ್ ಅನ್ನೋ ಹೆಸರು ಹುಟ್ಟಿದ್ದು ಈ ದ್ರಾವಣದ ಜಾಗದಲ್ಲಿ. ದ್ರಾವಣಕ್ಕೆ ಬೆಂಕಿ ಹತ್ತುತ್ತದೆ, ಸೋರುತ್ತದೆ. ಅದನ್ನು ತೆಗೆದು ಗಟ್ಟಿ ಪ್ಲಾಸ್ಟಿಕ್ ಪದರವನ್ನೇ ಇಟ್ಟರೆ ಹೇಗೆ ಅನ್ನುವುದು ವಿಜ್ಞಾನಿಗಳ ಆಸೆಯಾಗಿತ್ತು. 1973ರಲ್ಲಿ ಇಂಗ್ಲೆಂಡಿನ ಪೀಟರ್ ರೈಟ್ ಮತ್ತು ಜೊತೆಗಾರರು ಪಾಲಿಎಥಿಲೀನ್ ಆಕ್ಸೈಡ್ ಅನ್ನುವ ಪಾಲಿಮರಿನಲ್ಲಿ ಉಪ್ಪು ಬೆರೆಸಿದರೆ ಅಯಾನುಗಳು ಅದರೊಳಗೆ ಓಡಾಡುತ್ತವೆ ಅಂತ ತೋರಿಸಿದರು. 1978ರಲ್ಲಿ ಫ್ರಾನ್ಸಿನ ಮಿಶೆಲ್ ಅರ್ಮಾಂಡ್ ಇದನ್ನು ಬ್ಯಾಟರಿಯಲ್ಲಿ ಬಳಸಬಹುದು ಅಂತ ಮುಂದಿಟ್ಟರು. ಇಲ್ಲಿ ಅಯಾನು ಓಡಾಡುವುದು ಪಾಲಿಮರಿನ ಉದ್ದ ಎಳೆಗಳು ಅಲುಗಾಡುವುದರಿಂದ. ಎಳೆ ಅಲುಗಿದಂತೆ ಅಯಾನು ಒಂದು ಜಾಗ ಬಿಟ್ಟು ಪಕ್ಕದ ಜಾಗಕ್ಕೆ ಜರುಗುತ್ತದೆ.

ತೊಂದರೆ ಇರುವುದೂ ಅಲ್ಲೇ. ಸುಮಾರು 60 ಡಿಗ್ರಿಗಿಂತ ಕೆಳಗೆ ಆ ಎಳೆಗಳಲ್ಲಿ ಬಹುಪಾಲು ಹರಳುಗಟ್ಟಿ ನಿಲ್ಲುತ್ತವೆ. ಆಗ ಅಯಾನಿಗೆ ದಾರಿ ಇಲ್ಲ. ಹಾಗಾಗಿ ನಿಜವಾದ ಗಟ್ಟಿ ಪಾಲಿಮರ್ ಬ್ಯಾಟರಿಯನ್ನು ಬಿಸಿ ಮಾಡಿಯೇ ಇಟ್ಟುಕೊಳ್ಳಬೇಕು. ಪ್ಯಾರಿಸ್‌ನಲ್ಲಿ 2011ರಿಂದ 2018ರವರೆಗೆ ಬಾಡಿಗೆಗೆ ಓಡಿದ ಬ್ಲೂಕಾರ್ ಎಂಬ ಎಲೆಕ್ಟ್ರಿಕ್ ಕಾರುಗಳಲ್ಲಿ ಇಂಥದ್ದೇ ಬ್ಯಾಟರಿ ಇತ್ತು. ಅದನ್ನು ಬಿಸಿಯಾಗಿ ಇಡಲಿಕ್ಕೇ ವಿದ್ಯುತ್ ಖರ್ಚಾಗುತ್ತಿತ್ತು. ಜೇಬಿನಲ್ಲಿಡುವ ಫೋನಿಗೆ ಅದು ಆಗದ ಮಾತು.

ನಡುದಾರಿಯೊಂದು ಸಿಕ್ಕಿತು. 1990ರ ದಶಕದಲ್ಲಿ ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯದವರು ಪಿವಿಡಿಎಫ್ ಜಾತಿಯ ಪಾಲಿಮರ್ ತೆಗೆದುಕೊಂಡು, ಅದು ಅದೇ ಹಳೆಯ ದ್ರಾವಣವನ್ನು ಹೀರಿಕೊಂಡು ಜೆಲ್ ಆಗುವಂತೆ ಮಾಡಿದರು. ಜೆಲ್ ಹಾಳೆಗಳಿಗೆ ಅಂಟಿಕೊಳ್ಳುತ್ತದೆ. ಪದರಗಳು ತಮ್ಮಷ್ಟಕ್ಕೆ ತಾವೇ ಒಟ್ಟಿಗೆ ನಿಂತರೆ ಅವನ್ನು ಒತ್ತಿ ಹಿಡಿಯಲು ಗಟ್ಟಿ ಉಕ್ಕಿನ ಡಬ್ಬಿ ಬೇಕಿಲ್ಲ, ತೆಳು ಚೀಲ ಸಾಕು. ಹೀಗೆ ಚಪ್ಪಟೆ ಸೆಲ್ಲಿಗೂ ಪಾಲಿಮರ್ ಅನ್ನುವ ಹೆಸರಿಗೂ ನಂಟು ಬೆಳೆಯಿತು. ಆಮೇಲೆ ಕಾರ್ಖಾನೆಗಳು ಜೆಲ್ ಕಡಿಮೆ ಮಾಡುತ್ತಾ ಬಂದವು. ಕೆಲವು ಸೆಲ್‌ಗಳಲ್ಲಿ ಅದು ಸೆಪರೇಟರಿನ ಮೇಲಿನ ತೆಳು ಲೇಪವಾಗಿ ಉಳಿದಿದೆ, ಕೆಲವದರಲ್ಲಿ ಅದೂ ಇಲ್ಲ. ಚೀಲ ಮಾತ್ರ ಹಾಗೇ ಉಳಿಯಿತು, ಹೆಸರೂ ಉಳಿಯಿತು.

ಇದನ್ನು ಓದಿ ತಿಳಿದಿದ್ದೆ, ಆದರೆ ಕಣ್ಣಾರೆ ನೋಡುವ ಆಸೆ ಇತ್ತು. ಧಾರವಾಡದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುವ ಮೇಡಂ ನನ್ನ ಗಿರಾಕಿ. ಅವರ ಲ್ಯಾಬಿನಲ್ಲಿ ಹೊಗೆ ಎಳೆಯುವ ಗಾಜಿನ ಕಪಾಟು ಇದೆ. ಆಟದ ವಿಮಾನದ ಒಂದು ಹಳೇ ಲಿಪೋ ಸೆಲ್ಲನ್ನು ಅಲ್ಲಿ ಬಿಚ್ಚಿದೆವು. ಇದನ್ನು ಯಾರೂ ಅಂಗಡಿಯಲ್ಲಾಗಲೀ ಮನೆಯಲ್ಲಾಗಲೀ ಮಾಡಬಾರದು. ಒಳಗಿನ ಉಪ್ಪಿಗೆ ಗಾಳಿಯ ತೇವ ತಾಗಿದರೆ ಹೈಡ್ರೋಫ್ಲೋರಿಕ್ ಆಸಿಡ್ ಹುಟ್ಟುತ್ತದೆ. ಅದು ಚರ್ಮ ದಾಟಿ ಮೂಳೆಯವರೆಗೆ ಹೋಗುವ ವಿಷ. ನಾನು ಮೊದಲು ಸೆಲ್ಲಿಗೆ 10 ಓಮ್ ರೆಸಿಸ್ಟರ್ ಕಟ್ಟಿ ಪೂರ್ತಿ ಸೊನ್ನೆ ವೋಲ್ಟಿಗೆ ಇಳಿಸಿದೆ. ರೆಸಿಸ್ಟರ್ ತೆಗೆಯದೆ ಹಾಗೇ ಬಿಟ್ಟೆ, ಯಾಕೆಂದರೆ ತೆಗೆದರೆ ವೋಲ್ಟೇಜ್ ಮತ್ತೆ ನಿಧಾನ ಏರುತ್ತದೆ. ಆಮೇಲೆ ಕೈಗವಸು, ಕನ್ನಡಕ ಹಾಕಿಕೊಂಡು, ಲೋಹದ್ದಲ್ಲದ ಸೆರಾಮಿಕ್ ಬ್ಲೇಡಿನಿಂದ ಚೀಲದ ಅಂಚನ್ನಷ್ಟೇ ಸೀಳಿದೆವು.

ಅಂಚು ಬಿಟ್ಟ ಕೂಡಲೇ ಒಳಗೆ ಹಸಿ ಕಂಡಿತು. ಹರಿಯುವಷ್ಟು ಇರಲಿಲ್ಲ, ಆದರೆ ಹಾಳೆಗಳೆಲ್ಲ ಒದ್ದೆಯಾಗಿ ಹೊಳೆಯುತ್ತಿದ್ದವು. ದ್ರವವೇ ಇಲ್ಲ ಅನ್ನುವ ನಂಬಿಕೆ ಅಲ್ಲೇ ಮುಗಿಯಿತು. ಬಿಳಿ ಸೆಪರೇಟರ್ ಒಂದೇ ಉದ್ದ ಪಟ್ಟಿ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಡಚಿಕೊಂಡು ಹೋಗಿತ್ತು. ಪ್ರತಿ ಮಡಿಕೆಯಲ್ಲೂ ಒಂದೊಂದು ಹಾಳೆ, ಒಮ್ಮೆ ತಾಮ್ರದ್ದು, ಒಮ್ಮೆ ಅಲ್ಯೂಮಿನಿಯಂನದ್ದು. ಎರಡೂ ಲೇಪಗಳು ಕಪ್ಪು. ಗ್ರಾಫೈಟ್ ಪೂರ್ತಿ ಚಾರ್ಜ್ ಆಗಿದ್ದರೆ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ, ಅದು ಕಪ್ಪಾಗಿದೆ ಅಂದರೆ ಸೆಲ್ ಖಾಲಿ ಆಗಿದೆ ಅಂತ ಮೇಡಂ ತೋರಿಸಿದರು. ಸೆಪರೇಟರನ್ನು ಹಾಳೆಯಿಂದ ಎಳೆದಾಗ ಅದು ಸುಲಭಕ್ಕೆ ಬಿಡಲಿಲ್ಲ, ಅಂಟಿನ ಟೇಪ್ ಕಿತ್ತ ಹಾಗೆ ಕಿತ್ತು ಬಂತು, ಅಲ್ಲಲ್ಲಿ ಕಪ್ಪು ಲೇಪವನ್ನೂ ಹಿಡಿದುಕೊಂಡು ಬಂತು.

"ಮೇಡಂ, ಪಾಲಿಮರ್ ಅಂದ್ರ ಇದೇ ಅಂಟಾ?" ಅಂದೆ.

"ಹೌದ್ರಿ, ಇದೇ ಇರಬೇಕು. ಆದ್ರ ನೀವು ದಿನಾ ಹಚ್ಚೋ ಉದ್ದನ ಸೆಲ್‌ನ್ಯಾಗೂ ಸೆಪರೇಟರ್ ಪಾಲಿಎಥಿಲೀನ್‌ದೇ ಇರತೈತಿ, ಲೇಪ ಹಿಡಿಸೋ ಅಂಟಿನ್ಯಾಗೂ ಪಿವಿಡಿಎಫ್ ಇರತೈತಿ. ಪಾಲಿಮರ್ ಎರಡರಾಗೂ ಐತ್ರಿ" ಅಂದರು.

ಅವರು ಹೇಳಿದ್ದನ್ನು ನಾನು ಎಲ್ಲ ಗಿರಾಕಿಗಳಿಗೂ ಹೇಳುತ್ತೇನೆ. ಇವತ್ತು ಅಂಗಡಿಯಲ್ಲಿ ಸಿಗುವ ಲಿಪೋ ಕೂಡ ಲಿಥಿಯಂ-ಅಯಾನೇ. ಅದೇ ಲೇಪ, ಅದೇ ಜಾತಿಯ ದ್ರಾವಣ. ಅದಕ್ಕೇ ವೋಲ್ಟೇಜೂ ಒಂದೇ, ಸಾಧಾರಣವಾಗಿ 3.7, ಪೂರ್ತಿ ಚಾರ್ಜಿಗೆ 4.2. ಚಾರ್ಜ್ ಮಾಡುವ ಕ್ರಮವೂ ಒಂದೇ, ಮೊದಲು ಒಂದೇ ಸಮ ಕರೆಂಟು, 4.2 ಮುಟ್ಟಿದ ಮೇಲೆ ವೋಲ್ಟೇಜ್ ಹಿಡಿದು ಕರೆಂಟ್ ಇಳಿಸುವುದು. ಬೇರೆ ಇರುವುದು ಎರಡು ವಿಷಯದಲ್ಲಿ. ಹಾಳೆಗಳನ್ನು ಹೇಗೆ ಜೋಡಿಸಿದ್ದಾರೆ ಅನ್ನುವುದು ಒಂದು, ಯಾವುದರಲ್ಲಿ ತುಂಬಿದ್ದಾರೆ ಅನ್ನುವುದು ಇನ್ನೊಂದು. ಮಗನಿಗೆ ಡ್ರೋನ್ ಬ್ಯಾಟರಿಯಲ್ಲಿ ಕಂಡ ಫೋರ್ಸು ಮೊದಲನೆಯದರಿಂದ ಬಂದದ್ದು.

ಕೊಳವೆಯಂಥ ಉದ್ದನೆಯ ಸೆಲ್ಲಿಗೆ 18650 ಅನ್ನುತ್ತೇವೆ. ಆ ಹೆಸರಲ್ಲೇ ಅಳತೆ ಇದೆ, 18 ಮಿಲಿಮೀಟರ್ ಅಗಲ, 65 ಉದ್ದ, ಕೊನೆಯ ಸೊನ್ನೆ ದುಂಡಗಿದೆ ಅನ್ನುವುದಕ್ಕೆ. ಒಳಗೆ ಅರ್ಧ ಮೀಟರಿಗಿಂತ ಉದ್ದದ ಎರಡು ಪಟ್ಟಿಗಳನ್ನು ಸೆಪರೇಟರ್ ಜೊತೆ ಸೇರಿಸಿ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿರುತ್ತಾರೆ. ಸಾಮಾನ್ಯ ಸೆಲ್‌ಗಳಲ್ಲಿ ಅಷ್ಟುದ್ದದ ಪಟ್ಟಿಯಿಂದ ಕರೆಂಟು ಹೊರಗೆ ಬರಲು ಒಂದೆರಡು ಕಡೆ ಮಾತ್ರ ಲೋಹದ ನಾಲಿಗೆ ಬೆಸೆದಿರುತ್ತದೆ. ಪಟ್ಟಿಯ ದೂರದ ತುದಿಯ ಕರೆಂಟು ಅಲ್ಲಿಯವರೆಗೆ ಹರಿದು ಬರಬೇಕು. ಆ ದಾರಿಯಲ್ಲಿ ಬಿಸಿ ಹುಟ್ಟುತ್ತದೆ, ವೋಲ್ಟೇಜ್ ಬೀಳುತ್ತದೆ. ನಾವು ಬಿಚ್ಚಿದ ಲಿಪೋದಲ್ಲಿ ಹಾಗಿರಲಿಲ್ಲ. ಪ್ರತಿ ಹಾಳೆಗೂ ತನ್ನದೇ ನಾಲಿಗೆ ಇತ್ತು, ಎಲ್ಲವನ್ನೂ ಒಂದೆಡೆ ಸೇರಿಸಿ ಹೊರಗಿನ ಟ್ಯಾಬಿಗೆ ಬೆಸೆದಿದ್ದರು. ಯಾವ ಹಾಳೆಯಿಂದಲೂ ಕರೆಂಟಿಗೆ ಕೆಲವೇ ಸೆಂಟಿಮೀಟರ್ ದಾರಿ. ಜೊತೆಗೆ ಲೇಪವನ್ನೂ ತೆಳ್ಳಗೆ ಬಳಿದಿದ್ದರು, ಅಯಾನು ಬೇಗ ಒಳಗೆ ಹೊರಗೆ ಹೋಗಲಿ ಅಂತ.

ಡ್ರೋನಿಗೆ ಇದು ಬೇಕೇ ಬೇಕು. 10 ಲೀಟರ್ ಹೊರುವ ಡ್ರೋನಿನಲ್ಲಿ 12 ಸೆಲ್ ಸಾಲಾಗಿ ಜೋಡಿಸಿದ 16 ಎಎಚ್ ಪ್ಯಾಕ್ ಇದೆ ಅಂತ ಇಟ್ಟುಕೊಳ್ಳಿ. ಅದರ ಶೇಕಡಾ 80ರಷ್ಟು, ಅಂದರೆ 12.8 ಎಎಚ್, 12 ನಿಮಿಷದಲ್ಲಿ ಖಾಲಿ ಆದರೆ ಸರಾಸರಿ 64 ಆಂಪಿಯರ್ ಹರಿದಂತಾಯಿತು. ಅದೇ 16 ಎಎಚ್ ಅನ್ನು ಮಾಮೂಲಿ 2.6 ಎಎಚ್‌ನ 18650ಗಳಿಂದ ಕಟ್ಟಿದರೆ ಆರು ಸೆಲ್ ಸಮಾನಾಂತರ ಬರುತ್ತವೆ. ಒಂದೊಂದರ ಪಾಲಿಗೆ 10 ಆಂಪಿಯರ್‌ಗಿಂತ ಜಾಸ್ತಿ. ಅವು ತಡೆಯುವುದು ಸುಮಾರು 5. ಡ್ರೋನ್ ಏಳುವಷ್ಟರಲ್ಲೇ ವೋಲ್ಟೇಜ್ ಕುಸಿಯುತ್ತದೆ, ಸೆಲ್ಲೂ ಬಿಸಿಯಾಗುತ್ತದೆ. ಹಾಗಂತ ದುಂಡನೆಯ ಸೆಲ್ಲಿಗೆ ಪವರ್ ಬರೋದೇ ಇಲ್ಲ ಅಂತಲ್ಲ. ನಮ್ಮ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ದಿನವಿಡೀ ತಿರುಗುವ ಕಾರ್ಡ್‌ಲೆಸ್ ಡ್ರಿಲ್‌ಗಳಲ್ಲಿ ಬಹಳಷ್ಟು ಅಂಥವೇ ಇವೆ. ಅವು ತೆಳು ಲೇಪದ, ಹೆಚ್ಚು ಕರೆಂಟ್ ಕೊಡುವ ಬೇರೆ ಮಾದರಿ, 20 ಆಂಪಿಯರ್‌ವರೆಗೂ ಕೊಡುತ್ತವೆ. ಆದರೆ ಅದೇ ಗಾತ್ರದಲ್ಲಿ ಎಎಚ್ ಕಡಿಮೆ ಇರುತ್ತದೆ.

ಲೇಪ ತೆಳ್ಳಗಾದರೆ ಅದೇ ತೂಕದಲ್ಲಿ ತಾಮ್ರ, ಅಲ್ಯೂಮಿನಿಯಂ ಹಾಳೆಗಳ ಪಾಲು ಜಾಸ್ತಿ ಆಗುತ್ತದೆ. ಹಾಳೆ ಕರೆಂಟನ್ನು ಸಾಗಿಸುತ್ತದೆ ಅಷ್ಟೇ, ಕೂಡಿಡುವುದಿಲ್ಲ. ಹಾಗಾಗಿ ಹೈ-ಡಿಸ್ಚಾರ್ಜ್ ಲಿಪೋ ಹಗುರ ಅನ್ನುವುದು ಸೀಸದ ಬ್ಯಾಟರಿಗೆ ಹೋಲಿಸಿದರೆ ಮಾತ್ರ ನಿಜ. ಒಂದು 2.6 ಎಎಚ್ 18650 ಸುಮಾರು 46 ಗ್ರಾಂ ತೂಗುತ್ತದೆ. 12 ಸೆಲ್ ಸೇರಿದರೆ 550 ಗ್ರಾಂ, ಅದರಲ್ಲಿ 115 ವ್ಯಾಟ್-ಅವರ್ ಶಕ್ತಿ. ನನ್ನ ತಕ್ಕಡಿಯಲ್ಲಿ ಮೂರು ಸೆಲ್‌ನ 10 ಎಎಚ್ ಹೈ-ಡಿಸ್ಚಾರ್ಜ್ ಲಿಪೋ ಮುಕ್ಕಾಲು ಕೆಜಿ ಹತ್ತಿರ ಬಂತು, ಅದರಲ್ಲಿ 111 ವ್ಯಾಟ್-ಅವರ್. ಚೀಲ ತೆಳ್ಳಗಿದೆ, ಉಕ್ಕಿನ ಡಬ್ಬಿ ಇಲ್ಲ, ಆದರೂ ತೂಕ ಉಳಿಯಲಿಲ್ಲ. ಫೋನಿನ ಚಪ್ಪಟೆ ಸೆಲ್ ಬೇರೆ ಲೆಕ್ಕ. ಅದರಲ್ಲಿ ದಪ್ಪ ಲೇಪ ಇರುತ್ತದೆ, ಅದು ತೂಕಕ್ಕೆ ಒಳ್ಳೆಯ ಶಕ್ತಿಯನ್ನೇ ಹಿಡಿಯುತ್ತದೆ, ಆದರೆ ಡ್ರೋನಿನಂತೆ ಕರೆಂಟ್ ಕೇಳಿದರೆ ಸೋಲುತ್ತದೆ. ಚೀಲ ನೋಡಿ ಯಾವುದನ್ನೂ ಊಹಿಸಬೇಡಿ ಅನ್ನುವುದು ಇದಕ್ಕೇ.

ಪಂಪಿನ ಮೋಟರನ್ನು ನಾನು ಕ್ಲಾಂಪ್ ಮೀಟರ್ ಹಾಕಿ ನೋಡಿದೆ. ನಾಝಲ್ ಪೂರ್ತಿ ಒತ್ತಿ ಹಿಡಿದಾಗ ಸುಮಾರು 3 ಆಂಪಿಯರ್. 12 ಸೆಲ್‌ಗಳಲ್ಲಿ ನಾಲ್ಕು ನಾಲ್ಕನ್ನು ಸಮಾನಾಂತರ ಸೇರಿಸಿ ಮೂರು ಗುಂಪು ಮಾಡಿ, ಆ ಗುಂಪುಗಳನ್ನು ಸಾಲಾಗಿ ಜೋಡಿಸಿದರೆ 10.4 ಎಎಚ್ ಆಗುತ್ತದೆ. ಒಂದೊಂದು ಸೆಲ್ಲಿನ ಮೇಲೆ ಮುಕ್ಕಾಲು ಆಂಪಿಯರ್ ಬೀಳುತ್ತದೆ. ತಡೆಯುವುದು 5, ಬೇಕಿರುವುದು 0.75. ಇಲ್ಲಿ ಡ್ರೋನ್ ಲಿಪೋದ ಪವರು ಸುಮ್ನೆ ದಂಡ. ಫೋರ್ಸೂ ಹೆಚ್ಚಾಗುವುದಿಲ್ಲ, ಪಂಪಿನ ಒತ್ತಡ ಮೋಟರಿನಿಂದ ಮತ್ತು ವೋಲ್ಟೇಜಿನಿಂದ ಬರುತ್ತದೆಯೇ ಹೊರತು ಬ್ಯಾಟರಿ ಎಷ್ಟು ಕೊಡಬಲ್ಲದು ಅನ್ನುವುದರಿಂದಲ್ಲ.

ಅದಕ್ಕಿಂತ ದೊಡ್ಡ ಮಾತು ಚೀಲದ್ದು. ನೈಲಾನ್, ನಡುವೆ ಅಲ್ಯೂಮಿನಿಯಂ ಹಾಳೆ, ಒಳಗೆ ಪಾಲಿಪ್ರೊಪಿಲೀನ್, ಮೂರೂ ಸೇರಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು ದಪ್ಪ. ಒಳಗಿನ ಪ್ಲಾಸ್ಟಿಕ್ಕನ್ನು ಬಿಸಿಯಲ್ಲಿ ಒತ್ತಿ ಅಂಚು ಮುಚ್ಚಿರುತ್ತಾರೆ. ಸೆಲ್ಲಿನೊಳಗೆ ದ್ರಾವಣ ಕೆಟ್ಟಾಗ ಗ್ಯಾಸ್ ಹುಟ್ಟುತ್ತದೆ, ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್, ಎಥಿಲೀನ್ ಇಂಥವು. ಹೆಚ್ಚು ಚಾರ್ಜ್ ಮಾಡಿದರೆ, ಬಿಸಿಲಲ್ಲಿ ಕಾಯ್ದರೆ, ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಇಟ್ಟರೆ, ಚೀಲದ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತಾಗಿ ತೇವ ಹೊಕ್ಕರೆ ಹೀಗಾಗುತ್ತದೆ. ದುಂಡನೆಯ ಸೆಲ್ಲಿನಲ್ಲೂ ಗ್ಯಾಸ್ ಹುಟ್ಟುತ್ತದೆ, ಆದರೆ ಉಕ್ಕಿನ ಡಬ್ಬಿ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಒತ್ತಡ ಮೀರಿದರೆ ಪ್ಲಸ್ ಕಡೆಯ ಮುಚ್ಚಳದೊಳಗಿನ ಒಂದು ಸಣ್ಣ ಬಿಲ್ಲೆ ಮೇಲಕ್ಕೆ ಚಿಮ್ಮಿ ಕರೆಂಟಿನ ದಾರಿಯನ್ನು ಕತ್ತರಿಸುತ್ತದೆ. ಇನ್ನೂ ಏರಿದರೆ ಮುಚ್ಚಳದ ತೂತುಗಳಿಂದ ಗ್ಯಾಸ್ ಹೊರಗೆ ಬಿಡುತ್ತದೆ. ಒಳ್ಳೆಯ ಕಂಪನಿಯ ಸೆಲ್‌ಗಳಲ್ಲಿ ಈ ಏರ್ಪಾಡು ಇರುತ್ತದೆ. ಲಿಪೋ ಚೀಲದಲ್ಲಿ ಇದ್ಯಾವುದೂ ಇಲ್ಲ. ಅದು ಉಬ್ಬುತ್ತದೆ, ಕೊನೆಗೆ ಅಂಚು ಬಿಡುತ್ತದೆ.

ಈಗ ಆ ಪಂಪನ್ನು ನೆನೆಸಿಕೊಳ್ಳಿ. ಮೇಲೆ ಔಷಧಿ ತುಂಬಿದ ಟ್ಯಾಂಕು, ಬುಡದಲ್ಲಿ ಬ್ಯಾಟರಿ. ಮೋಟರ್ ಸೈಕಲ್ ಹಿಂದೆ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಬದುವಿನ ಮೇಲೆ ಕುಕ್ಕುತ್ತಾರೆ, ಬಿಸಿಲಲ್ಲಿ ಬಿಡುತ್ತಾರೆ. ಮೋಟರ್ ನಿಲ್ಲುವವರೆಗೂ ಓಡಿಸುತ್ತಾರೆ. ಡ್ರೋನ್ ಪ್ಯಾಕುಗಳಲ್ಲಿ ಬಹಳಷ್ಟಕ್ಕೆ ವೋಲ್ಟೇಜ್ ಇಳಿದಾಗ ಕಡಿಯುವ ಬೋರ್ಡೇ ಇರುವುದಿಲ್ಲ. ಅದನ್ನು ಡ್ರೋನಿನ ಕಂಟ್ರೋಲರ್, ಹಾರಿಸುವವನು ನೋಡಿಕೊಳ್ಳುತ್ತಾರೆ. ಪಂಪಿನಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ, ಸೆಲ್ 2 ವೋಲ್ಟಿನ ಕೆಳಗೆ ಹೋಗಿ ಒಳಗಿನ ತಾಮ್ರ ಕರಗಲು ಶುರುವಾಗುತ್ತದೆ. ಮುಂದಿನ ಚಾರ್ಜಿನಲ್ಲಿ ಆ ತಾಮ್ರ ಸೆಪರೇಟರ್ ದಾಟಿ ಒಳಗೇ ಶಾರ್ಟ್ ಮಾಡಬಹುದು.

"ತಮ್ಮಾ, ಡ್ರೋನಿಗೆ ಲಿಪೋನೇ ಬೇಕು, ಪಂಪಿಗೆ ಇದು ಬೇಕು" ಅಂತ 18650 ಕೈಗೆ ಕೊಟ್ಟೆ. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಗಟ್ಟಿ ಐತಿ ಬಿಡಪ್ಪ" ಅಂದರು. ನಿರ್ಧಾರ ಆಯಿತು.

ಕಟ್ಟುವ ಕೆಲಸ ಹೀಗೆ ಮಾಡಿದೆ. ಸೆಲ್‌ಗಳನ್ನೆಲ್ಲ ಮೊದಲು ಅಳೆದು, ವೋಲ್ಟೇಜು ಹತ್ತಿರ ಹತ್ತಿರ ಇರುವ, ಒಳ ರೆಸಿಸ್ಟೆನ್ಸ್ ಒಂದೇ ತರಹ ಇರುವ 12 ಆರಿಸಿದೆ. ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಕೂರಿಸಿದೆ, ಸೆಲ್ಲಿಗೆ ಸೆಲ್ ತಾಗಬಾರದು. ಪ್ಲಸ್ ತುದಿಗೆ ಒಂದೊಂದು ಕಾಗದದ ಬಿಲ್ಲೆ ಅಂಟಿಸಿದೆ. ಯಾಕೆಂದರೆ 18650ಯ ಮೈಯೆಲ್ಲ ಮೈನಸ್, ಪ್ಲಸ್ ಇರುವುದು ತುದಿಯ ಗುಬುಟು ಮಾತ್ರ. ಎರಡರ ನಡುವೆ ಇರುವುದು ತೆಳು ಪ್ಲಾಸ್ಟಿಕ್ ಹೊದಿಕೆ, ಅದು ಹರಿದು ಪಟ್ಟಿ ತಾಗಿದರೆ ನೇರ ಶಾರ್ಟ್. ಆಮೇಲೆ ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿದೆ. ಸೋಲ್ಡರಿಂಗ್ ಕಬ್ಬಿಣ ಸೆಲ್ಲಿಗೆ ಮುಟ್ಟಿಸುವುದಿಲ್ಲ, ಆ ಬಿಸಿಗೆ ಮುಚ್ಚಳದ ಪ್ಲಾಸ್ಟಿಕ್ ಸೀಲು ಮೆತ್ತಗಾಗುತ್ತದೆ. ಲಿಪೋದಲ್ಲಿ ಇದರ ತೊಂದರೆ ಬೇರೆ ತರಹ. ಅದರ ಪ್ಲಸ್ ಟ್ಯಾಬ್ ಅಲ್ಯೂಮಿನಿಯಂ, ಮಾಮೂಲಿ ಸೀಸ ಅದಕ್ಕೆ ಹಿಡಿಯುವುದೇ ಇಲ್ಲ. ಅದಕ್ಕೆ ಕಾರ್ಖಾನೆಯವರೇ ನಿಕ್ಕಲ್ ತುಂಡು ಬೆಸೆದು ಕೊಟ್ಟಿದ್ದರೆ ಮಾತ್ರ ನಾನು ಆ ಸೆಲ್ ಕೊಳ್ಳುತ್ತೇನೆ.

ಮೂರು ಗುಂಪಿಗೆ ತಕ್ಕ ಬಿಎಂಎಸ್, ಅಂದರೆ ವೋಲ್ಟೇಜ್ ಮಿತಿ ಮೀರಿ ಏರಿದರೂ ಇಳಿದರೂ ಕರೆಂಟ್ ಕಡಿಯುವ ಬೋರ್ಡ್ ಹಾಕಿದೆ. ಪ್ಯಾಕ್ ಪೂರ್ತಿ ತುಂಬಿದಾಗ 12.6 ವೋಲ್ಟ್. ಹಳೇ ಚಾರ್ಜರನ್ನು ಅಂಗಡಿಯಲ್ಲೇ ಇಟ್ಟುಕೊಂಡೆ. ಅದು ಸೀಸದ ಬ್ಯಾಟರಿಯದ್ದು, 14.4 ವೋಲ್ಟ್ ತನಕ ಏರುತ್ತದೆ. ಅಂದರೆ ಸೆಲ್ಲಿಗೆ 4.8 ವೋಲ್ಟ್. ಬಿಎಂಎಸ್ ಕಡಿಯುತ್ತದೆ ನಿಜ, ಆದರೆ ಅದು ಕೊನೆಯ ಕಾವಲು, ದಿನದ ಕೆಲಸಕ್ಕೆ ಅದನ್ನು ನಂಬಿಕೊಳ್ಳಬಾರದು. ಹೊಸ 12.6 ವೋಲ್ಟ್ ಚಾರ್ಜರ್ ಕೊಟ್ಟೆ. ಹೋಲ್ಡರು, ಪಟ್ಟಿ, ಬೋರ್ಡು, ವೈರು ಸೇರಿ ಪ್ಯಾಕ್ 700 ಗ್ರಾಂ ಆಸುಪಾಸು ಬಂತು. ಸೀಸದ್ದು ಎರಡು ಕೆಜಿಗಿಂತ ಮೇಲಿತ್ತು. ಕಾಕಾಗೆ ಬೆನ್ನಿನ ಮೇಲೆ ಹಾಕಿಕೊಂಡ ಕೂಡಲೇ ವ್ಯತ್ಯಾಸ ಗೊತ್ತಾಯಿತು.

ಚಪ್ಪಟೆ ಸೆಲ್ಲೇ ಹಾಕಬೇಕಾದ ಕೆಲಸಗಳೂ ಬರುತ್ತವೆ. ಸ್ಪೀಕರಿನೊಳಗೆ 7 ಮಿಲಿಮೀಟರ್ ಎತ್ತರದ ಜಾಗ ಇದ್ದರೆ 18 ಮಿಲಿಮೀಟರಿನ ಸೆಲ್ ಎಲ್ಲಿ ಹಿಡಿಸುತ್ತದೆ? ಆಗ ಮೈಮೇಲಿನ ನಂಬರ್ ಓದಬೇಕು. 603450 ಅಂದರೆ 6.0 ಮಿಲಿಮೀಟರ್ ದಪ್ಪ, 34 ಅಗಲ, 50 ಉದ್ದ. ನಾನು ದಪ್ಪದ ಕಡೆ ಹತ್ತನೇ ಒಂದು ಭಾಗ ಜಾಗ ಬಿಟ್ಟೇ ಕೂರಿಸುತ್ತೇನೆ, ಯಾಕೆಂದರೆ ಚೀಲದ ಸೆಲ್ ವಯಸ್ಸಾದಂತೆ ಸ್ವಲ್ಪ ಊದುವುದು ಮಾಮೂಲು. 6 ಮಿಲಿಮೀಟರಿನ ಸೆಲ್ ಕ್ಯಾಲಿಪರಿನಲ್ಲಿ 6.6 ದಾಟಿದರೆ ಬದಲಿಸುತ್ತೇನೆ. ಗಾಜಿನ ಮೇಲಿಟ್ಟು ಬೆರಳಲ್ಲಿ ಮೂಲೆ ಒತ್ತಿದಾಗ ಸೆಲ್ ತೂಗಾಡಿದರೆ ಅಳೆಯುವುದೇ ಬೇಡ, ಬದಲಿಸುವುದೇ. ಸ್ಪೀಕರಿನೊಳಗೆ ಸ್ಕ್ರೂ ತುದಿ, ಪಿಸಿಬಿಯ ಸೋಲ್ಡರ್ ಮೊನೆ ಚೀಲಕ್ಕೆ ತಾಗುತ್ತದೆಯಾ ಅಂತ ನೋಡಿ, ನಡುವೆ ಫೈಬರ್ ಹಾಳೆ ಇಡುತ್ತೇನೆ. ಮೇಲೆ ಬರೆದ ವೋಲ್ಟೇಜನ್ನೂ ಓದಬೇಕು. 4.35 ಅಂತ ಇರುವ ಸೆಲ್ಲನ್ನು 4.2ರ ಚಾರ್ಜರಿಗೆ ಹಾಕಿದರೆ ಸ್ವಲ್ಪ ಕಡಿಮೆ ತುಂಬುತ್ತದೆ, ಬೇರೆ ಅಪಾಯ ಇಲ್ಲ. 4.2ರ ಸೆಲ್ಲನ್ನು 4.35ರ ಬೋರ್ಡಿಗೆ ಹಾಕಿದರೆ ಉಬ್ಬು ಖಾತ್ರಿ.

ಮಲ್ಟಿಮೀಟರು ಸೊನ್ನೆ ತೋರಿಸಿದಾಗಲೂ ಎರಡು ಸೆಲ್ಲಿನ ಅರ್ಥ ಬೇರೆ ಬೇರೆ. ಬೋರ್ಡ್ ಇಲ್ಲದ ದುಂಡನೆಯ ಸೆಲ್ ನಿನ್ನೆ 3.9 ಇದ್ದದ್ದು ಇವತ್ತು ತಟ್ಟನೆ ಸೊನ್ನೆ ಆಗಿದ್ದರೆ ಒಳಗಿನ ಬಿಲ್ಲೆ ಚಿಮ್ಮಿದೆ ಅಂತ ಅರ್ಥ. ಕೆಲವರು ಮುಚ್ಚಳದ ತೂತಿನಿಂದ ಕಡ್ಡಿ ತೂರಿಸಿ ಬಿಲ್ಲೆಯನ್ನು ವಾಪಸ್ ಒತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒತ್ತಡ ಏರಿದ ಕಾರಣ ಒಳಗೇ ಇದೆ, ಚಾರ್ಜೂ ಒಳಗೇ ಇದೆ. ಸ್ಪೀಕರಿನ ಲಿಪೋದಲ್ಲಿ ಸೊನ್ನೆ ಬಂದರೆ ಬಹಳ ಸಲ ಟೇಪಿನ ಕೆಳಗಿನ ಸಣ್ಣ ಬೋರ್ಡ್ ಕರೆಂಟ್ ಕಡಿದಿರುತ್ತದೆ. ಟೇಪ್ ಬಿಡಿಸಿ ಬೋರ್ಡಿನ ಹಿಂದಿನ ಟ್ಯಾಬುಗಳ ಮೇಲೆ ಅಳೆಯಿರಿ. 2.8 ಅಂಥದ್ದೇನಾದರೂ ಬಂದರೆ ಚಾರ್ಜರ್ ಹಚ್ಚಿದ ಮೇಲೆ ಬೋರ್ಡ್ ತಾನೇ ಮತ್ತೆ ಕರೆಂಟ್ ಬಿಡುತ್ತದೆ. 2ಕ್ಕಿಂತ ಕೆಳಗಿದ್ದರೆ ನಾನು ಅದನ್ನು ಎಬ್ಬಿಸಲು ಹೋಗುವುದಿಲ್ಲ.

ಉಬ್ಬಿದ ಲಿಪೋ ಬಂದರೆ ಚುಚ್ಚಿ ಗ್ಯಾಸ್ ಬಿಡುವ ಅಭ್ಯಾಸ ಕೆಲವು ಕಡೆ ಇದೆ. ಚುಚ್ಚಿದ ಸೂಜಿಯೇ ಹಾಳೆಗಳನ್ನು ಒಂದಕ್ಕೊಂದು ತಾಗಿಸುತ್ತದೆ, ತೂತಿನಿಂದ ತೇವ ಒಳಗೆ ಹೋಗುತ್ತದೆ. ನಾನು ಅಂಥ ಸೆಲ್ಲನ್ನು ಬೇರೆ ಸಾಮಾನುಗಳಿಂದ ದೂರ, ಹೊರಗಡೆ ಮರಳು ತುಂಬಿದ ಕಬ್ಬಿಣದ ಡಬ್ಬಿಯಲ್ಲಿಟ್ಟು, ಎರಡೂ ಟ್ಯಾಬಿಗೆ ಬೇರೆ ಬೇರೆ ಟೇಪ್ ಸುತ್ತಿ, ಇ-ವೇಸ್ಟ್ ಒಯ್ಯುವವರಿಗೆ ಕೊಡುತ್ತೇನೆ.

ಹಂಗಾಮು ಮುಗಿದ ಮೇಲೆ ಆ ಹುಡುಗ ಫೋನ್ ಮಾಡಿದ್ದ. "ಅಣ್ಣಾರ, ಡ್ರೋನ್ ಬ್ಯಾಟರಿ ಫುಲ್ ಚಾರ್ಜ್ ಮಾಡಿ ಕಪಾಟ್‌ನ್ಯಾಗ ಇಟ್ಟೇನ್ರಿ, ನಡಿತೈತಲ್ರಿ?" ನಡೆಯುವುದಿಲ್ಲ. ತುಂಬಿದ ಸ್ಥಿತಿಯಲ್ಲೇ ದ್ರಾವಣ ಬೇಗ ಕೆಡುವುದು, ಬಿಸಿ ಸೇರಿದರೆ ಇನ್ನೂ ಬೇಗ. ಸೆಲ್‌ಗಳನ್ನೆಲ್ಲ ಒಂದೇ ಮಟ್ಟಕ್ಕೆ ತರುವ ಬ್ಯಾಲೆನ್ಸ್ ಚಾರ್ಜರಿನಲ್ಲಿ ಸ್ಟೋರೇಜ್ ಅಂತ ಒಂದು ಆಯ್ಕೆ ಇರುತ್ತದೆ, ಅದನ್ನು ಒತ್ತಿ ಪ್ರತಿ ಸೆಲ್ಲನ್ನೂ 3.8 ವೋಲ್ಟಿಗೆ ತರಬೇಕು. 12 ಸೆಲ್ಲಿನ ಪ್ಯಾಕಿಗೆ ಒಟ್ಟು 45.6 ವೋಲ್ಟ್. ತಗಡಿನ ಕೋಣೆ ಬಿಟ್ಟು ತಂಪಾದ ಕಡೆ, ನೆಲದ ಮೇಲೆ, ಸುತ್ತ ಹತ್ತಿ, ಗೋಣಿಚೀಲ ಇಲ್ಲದ ಜಾಗದಲ್ಲಿ ಇಡಬೇಕು. ತಿಂಗಳಿಗೊಮ್ಮೆ ಬ್ಯಾಲೆನ್ಸ್ ವೈರಿನಲ್ಲಿ ಪ್ರತಿ ಸೆಲ್ಲೂ ಅಳೆದು ಬರೆದಿಟ್ಟುಕೋ, ಒಂದೇ ಸೆಲ್ ಉಳಿದವಕ್ಕಿಂತ ಬೇಗ ಇಳಿಯುತ್ತಿದ್ದರೆ ಪ್ಯಾಕ್ ಹಾರಿಸುವ ಮೊದಲು ನನಗೆ ತೋರಿಸು ಅಂದೆ. ಅವತ್ತೇ ಸಂಜೆ ಚಾರ್ಜರ್ ಪರದೆಯ ಫೋಟೋ ಕಳಿಸಿದ. ಹನ್ನೊಂದು ಸೆಲ್ 3.80, ಒಂದು 3.76.